ಎರಡು ನಂಬರಿನ ಶರಣಮ್ಮ: ದಾಖಲೆ ವಿಭಾಗಕ್ಕೆ ಬರೆದ ಒಂದು ಪತ್ರದ ಕಥೆ

ಮೊದಲನೇ ಪತ್ರ ನಾಲ್ಕೇ ಸಾಲಿನದು. ಶರಣಮ್ಮನ ಮಗ ಆಸ್ಪತ್ರೆಯ ಕೌಂಟರ್ ಮುಂದೆ ನಿಂತು, ಯಾರದೋ ಪೆನ್ನು ಇಸ್ಕೊಂಡು ಬರೆದದ್ದು. 'ನಮ್ಮ ತಾಯಿಗೆ ನಿಮ್ಮ ಆಸ್ಪತ್ರೆಯಲ್ಲಿ ಆಪರೇಷನ್ ಆಗಿರುತ್ತದೆ. ಮುಂದಿನ ಚಿಕಿತ್ಸೆಗೆ ಬೆಂಗಳೂರಿಗೆ ಹೋಗಬೇಕಾಗಿದೆ. ಕಾರಣ ಎಲ್ಲಾ ರಿಪೋರ್ಟ್ ಮತ್ತು ಸ್ಕ್ಯಾನ್ ಕೊಡಬೇಕೆಂದು ವಿನಂತಿ.' ಕೆಳಗೆ ಡಿಸ್ಚಾರ್ಜ್ ಕಾರ್ಡಿನ ಮೇಲಿದ್ದ ನಂಬರ್, ಮಗನ ಸಹಿ. ಅಷ್ಟೇ.

ಐದು ದಿನ ಬಿಟ್ಟು ಒಂಬತ್ತು ಪುಟ ಸಿಕ್ಕಿತು. ಅದನ್ನು ಹಿಡಿದುಕೊಂಡು ತಾಯಿ ಮಗ ಇಬ್ಬರೂ ರಾಯಚೂರಿನಿಂದ ರಾತ್ರಿ ರೈಲು ಹತ್ತಿದರು. ಬೆಂಗಳೂರಿನ ಡಾಕ್ಟರ್ ಆ ಪುಟಗಳನ್ನು ತಿರುವಿ ಹಾಕಿ, ಒಂದು ಚೀಟಿಯಲ್ಲಿ ಬೇಕಾದ್ದನ್ನು ಬರೆದು ವಾಪಸ್ ಕಳಿಸಿದರು.

ಮಗ ಆ ಚೀಟಿ ತಗೊಂಡು ನಮ್ಮ ಮನೆಗೆ ಬಂದ. 'ಯಣ್ಣಾ, ಇವ್ರು ಎಲ್ಲಾ ಕೊಟ್ಟೀವಿ ಅಂತಾರ. ಅವ್ರು ಇದು ಯಾವ್ದೂ ಆಗಂಗಿಲ್ಲ ಅಂತಾರ. ಯಾರ ಮಾತು ಖರೇರಿ?' ಅಂದ.

ಇಬ್ಬರದೂ ಖರೇನೇ ಇತ್ತು. ಅದು ಹೇಗೆ ಅಂತ ಹೇಳುವುದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ನಾನು ಒಂಬತ್ತು ವರ್ಷ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ, ಅಂದರೆ ಎಲ್ಲರೂ ಎಂ.ಆರ್.ಡಿ. ಅನ್ನುವ ಆ ರೂಮಿನಲ್ಲಿ, ಕೆಲಸ ಮಾಡಿ ಬಿಟ್ಟವನು. ಶರಣಮ್ಮ ಹೋಗಿದ್ದು ರಾಯಚೂರಿನ ಬೇರೆ ಆಸ್ಪತ್ರೆಗೆ. ಅದರ ಹೆಸರು ಇಲ್ಲಿ ಬೇಡ. ಶರಣಮ್ಮ ಅನ್ನುವುದೂ ನಿಜವಾದ ಹೆಸರಲ್ಲ. ನಂಬರುಗಳನ್ನೂ ಬದಲಿಸಿದ್ದೇನೆ.

ಆಕೆಗೆ 46 ವರ್ಷ. ಮಾನ್ವಿ ತಾಲೂಕಿನವರು, ಹತ್ತಿ ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಎಡ ಸ್ತನದಲ್ಲಿ ಗಂಟು ಕಂಡಿತು. 2024ರ ಜನವರಿಯಲ್ಲಿ ಸರ್ಜರಿ ಹೊರರೋಗಿ ವಿಭಾಗಕ್ಕೆ ತೋರಿಸಿದರು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಫೆಬ್ರವರಿ 16ಕ್ಕೆ ಆಪರೇಷನ್ ಆಯಿತು, ಸ್ತನ ಮತ್ತು ಕಂಕುಳಿನ ಗಂಟುಗಳನ್ನು ತೆಗೆದರು. ಇನ್ನು ಕೀಮೋ ಶುರುವಾಗಬೇಕು. ಆಪರೇಷನ್ ಆಗಿ ನಾಲ್ಕರಿಂದ ಆರು ವಾರದೊಳಗೆ ಕೀಮೋ ಶುರು ಮಾಡುವುದು ವಾಡಿಕೆ, ಮೂರು ತಿಂಗಳು ದಾಟಿದರೆ ನಷ್ಟವಿದೆ. ಮಗ ನನ್ನ ಹತ್ತಿರ ಬಂದದ್ದು ಮಾರ್ಚ್ 21ರ ಸಂಜೆ. ಐದು ವಾರ ಆಗಲೇ ಹೋಗಿತ್ತು.

ಬೆಂಗಳೂರಿನ ಚೀಟಿಯಲ್ಲಿ ಇದ್ದದ್ದು ನಾಲ್ಕು: ಸಿಟಿ ಸ್ಕ್ಯಾನಿನ ಸಿಡಿ, ಎಕೋ ರಿಪೋರ್ಟ್, ಆಪರೇಷನ್ ನೋಟ್ಸ್, ಗಡ್ಡೆಯ ಬ್ಲಾಕ್ ಮತ್ತು ಸ್ಲೈಡ್. ಮೊದಲು ಸಿಕ್ಕ ಒಂಬತ್ತು ಪುಟದಲ್ಲಿ ಇದ್ದದ್ದು ಡಿಸ್ಚಾರ್ಜ್ ಸಮ್ಮರಿ, ರಕ್ತದ ರಿಪೋರ್ಟುಗಳು, ಆಪರೇಷನ್ ನಂತರದ ಗಡ್ಡೆಯ ರಿಪೋರ್ಟ್, ಹೊರಗಿನ ಲ್ಯಾಬಿನ ಒಂದು ಪುಟ. ಅಡ್ಮಿಟ್ ಆಗುವ ಮುಂಚೆ ಆದದ್ದು ಒಂದೂ ಇಲ್ಲ. ಸಿಟಿ ಇಲ್ಲ, ಎಕೋ ಇಲ್ಲ, ಬಯಾಪ್ಸಿ ಇಲ್ಲ.

ಕ್ಲರ್ಕ್ ಮುಚ್ಚಿಟ್ಟಿರಬಹುದಾ? ಮಗನಿಗೆ ಅದೇ ಅನುಮಾನ. ನನಗೆ ಹಾಗೆ ಅನ್ನಿಸಲಿಲ್ಲ. 'ಮನೆಯಲ್ಲಿ ಆಸ್ಪತ್ರೆದು ಏನೇನು ಕಾಗದ ಐತೋ ಅಷ್ಟೂ ತಗೊಂಡು ಬಾ, ಬಿಲ್ಲು ರಸೀದಿ ಸಹಿತ' ಅಂದೆ. ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರ್ ತುಂಬಾ ತಂದ. ನೆಲದ ಮೇಲೆ ಹಾಸಿ, ತಾರೀಕಿನ ಪ್ರಕಾರ ಜೋಡಿಸಿದೆವು. ಜೋಡಿಸುತ್ತಿದ್ದ ಹಾಗೆ ವಿಷಯ ಕಣ್ಣಿಗೆ ಬಿತ್ತು. ಫೆಬ್ರವರಿ 8ರವರೆಗಿನ ಎಲ್ಲಾ ರಸೀದಿಯ ಮೂಲೆಯಲ್ಲಿ ಒಂದು ನಂಬರ್ ಇತ್ತು, ಕೊನೆಯಲ್ಲಿ 4417. ಫೆಬ್ರವರಿ 14ರಿಂದ ಆಚೆಯ ಕಾಗದಗಳಲ್ಲಿ ಬೇರೆ ನಂಬರ್, ಕೊನೆಯಲ್ಲಿ 5032. ಹೆಸರು ಕೂಡ ಬೇರೆ. ಮೊದಲಿನದರಲ್ಲಿ `Sharnamma`, ಆಮೇಲಿನದರಲ್ಲಿ `Sharanabasamma`.

ಆದದ್ದು ಇಷ್ಟು. ಜನವರಿಯಲ್ಲಿ ಚೀಟಿ ಮಾಡಿಸುವಾಗ ಹೆಸರು ಕೇಳಿದರು, ಆಕೆ ದಿನಾ ಕರೆಸಿಕೊಳ್ಳುವ ಹೆಸರು ಹೇಳಿದರು. ಅಡ್ಮಿಟ್ ಆಗುವಾಗ ಆಯುಷ್ಮಾನ್ ಕಾರ್ಡ್, ಆಧಾರ್ ಎರಡೂ ಕೊಟ್ಟರು. ಆಧಾರ್‌ನಲ್ಲಿ ಶರಣಬಸಮ್ಮ ಅಂತಿದೆ. ಸ್ಕೀಮಿನ ಕೌಂಟರಿನಲ್ಲಿ ಕೂತವರು ಆ ಹೆಸರನ್ನು ಕಂಪ್ಯೂಟರಿನಲ್ಲಿ ಹುಡುಕಿದರು, ಸಿಗಲಿಲ್ಲ, ಹೊಸ ರೋಗಿ ಅಂತ ಹೊಸ ನಂಬರ್ ಕೊಟ್ಟುಬಿಟ್ಟರು. ಹಳೇ ಚೀಟಿ ಇದೆಯಾ ಅಂತ ಯಾರೂ ಕೇಳಲಿಲ್ಲ, ಇವರೂ ತೋರಿಸಲಿಲ್ಲ. ಅವತ್ತಿನಿಂದ ಆಸ್ಪತ್ರೆಯ ಲೆಕ್ಕದಲ್ಲಿ ಇಬ್ಬರು ಹೆಂಗಸರು. ಒಬ್ಬಳಿಗೆ ಬಯಾಪ್ಸಿ, ಸಿಟಿ, ಎಕೋ ಆಗಿದೆ, ಆಮೇಲೆ ಆಕೆ ಕಾಣೆ. ಇನ್ನೊಬ್ಬಳು ಸೀದಾ ಬಂದು ಆಪರೇಷನ್ ಮಾಡಿಸಿಕೊಂಡು ಹೋಗಿದ್ದಾಳೆ.

ಮೊದಲ ಪತ್ರದಲ್ಲಿ ಇದ್ದದ್ದು ಎರಡನೇ ಹೆಂಗಸಿನ ನಂಬರ್. ಕ್ಲರ್ಕ್ ಅದನ್ನೇ ಒತ್ತಿದ, ಅದರಲ್ಲಿ ಬಂದದ್ದನ್ನು ಪೂರ್ತಿ ಕೊಟ್ಟ. 'ಎಲ್ಲಾ ಕೊಟ್ಟೀವಿ' ಅಂದದ್ದು ಸುಳ್ಳಲ್ಲ.

ನಮ್ಮ ಕಡೆ ಇದು ಜಾಸ್ತಿ. ಬಸಮ್ಮ, ಬಸಲಿಂಗಮ್ಮ, ಶರಣಮ್ಮ, ಶರಣಬಸಮ್ಮ, ಹುಲಿಗೆಮ್ಮ, ಹುಲಿಗಮ್ಮ. ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ಒಂದೊಂದಕ್ಕೆ ನಾಲ್ಕು ನಾಲ್ಕು ರೂಪ. ಎಂ.ಆರ್.ಡಿ.ಯಲ್ಲಿ ಹೆಸರಿನ ಮೇಲೆ ಹುಡುಕುವುದು ಕೊನೇ ದಾರಿ. ಫೈಲುಗಳು ರ‍್ಯಾಕಿನಲ್ಲಿ ಇರುವುದು ಒಳರೋಗಿ ನಂಬರಿನ ಪ್ರಕಾರ, ವರ್ಷ ತಿಂಗಳ ಕಟ್ಟಿನಲ್ಲಿ. ಎಕ್ಸರೇ, ಸ್ಕ್ಯಾನ್ ವಿಭಾಗದವರ ರಿಜಿಸ್ಟರ್ ಇರುವುದು ಸ್ಕ್ಯಾನ್ ಮಾಡಿದ ತಾರೀಕಿನ ಪ್ರಕಾರ. ಪ್ಯಾಥಾಲಜಿಯವರದು ಸ್ಯಾಂಪಲ್ ಕೈಗೆ ಬಂದ ದಿನ ಕೊಡುವ ಅವರದ್ದೇ ನಂಬರ್. ಮೂರೂ ಕಡೆ ಮೂರು ಲೆಕ್ಕ. ಪತ್ರದಲ್ಲಿ ತಾರೀಕು ಮತ್ತು ವಿಭಾಗ ಬರೆಯಬೇಕು ಅನ್ನುವುದು ಇದಕ್ಕೇ. ಪತ್ರ ಓದಿದವನು ಯಾವ ರೂಮಿಗೆ ಹೋಗಿ ಯಾವ ರಿಜಿಸ್ಟರಿನ ಯಾವ ಪುಟ ತೆಗೆಯಬೇಕು ಅಂತ ಗೊತ್ತಾಗಬೇಕು.

ತಾರೀಕಿನಲ್ಲೂ ಒಂದು ಗೊಂದಲವಿದೆ. ಶರಣಮ್ಮನ ಬಯಾಪ್ಸಿ ಮಾಡಿದ್ದು ಜನವರಿ 23, ರಿಪೋರ್ಟ್ ಬಂದದ್ದು 30. ಮಗನಿಗೆ ನೆನಪಿದ್ದದ್ದು 30, ಯಾಕಂದರೆ ಅವತ್ತು ವಿಷಯ ಗೊತ್ತಾಗಿ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಆದರೆ ರಿಜಿಸ್ಟರಿನಲ್ಲಿ 30ರ ಪುಟ ತೆಗೆದರೆ ಆಕೆಯ ಹೆಸರು ಇರುವುದಿಲ್ಲ. 23ರ ಪುಟದಲ್ಲಿ ಇರುತ್ತದೆ. ಪರೀಕ್ಷೆ ಆದ ದಿನವನ್ನು ಮೊದಲು ಬರೆಯಬೇಕು. ಅದು ಖಚಿತವಾಗಿ ಸಿಗುವುದು ದುಡ್ಡು ಕಟ್ಟಿದ ರಸೀದಿಯಲ್ಲಿ. ನಮಗೆ ಆ ಪ್ಲಾಸ್ಟಿಕ್ ಕವರ್ ಇಲ್ಲದೇ ಹೋಗಿದ್ದರೆ ಕೆಲಸ ಕಷ್ಟವಿತ್ತು.

ಹಾಗಾದರೆ ಅಡ್ಮಿಟ್ ಆಗುವ ಮುಂಚಿನ ಅಸಲು ರಿಪೋರ್ಟುಗಳು ಎಲ್ಲಿ ಹೋದವು? ಹೊರರೋಗಿಯಾಗಿ ಮಾಡಿಸಿದ್ದು ಸಾಮಾನ್ಯವಾಗಿ ರೋಗಿಯ ಕೈಗೇ ಬರುತ್ತದೆ. ಇವರ ಕೈಗೂ ಬಂದಿತ್ತು. ಅಡ್ಮಿಟ್ ಆಗುವ ದಿನ 'ಸ್ಕೀಮಿಗೆ ಮಂಜೂರಾತಿ ತಗೋಬೇಕು' ಅಂತ ಅಷ್ಟನ್ನೂ ಇಸ್ಕೊಂಡರು. ಝೆರಾಕ್ಸ್ ಮಾಡಿಸಿಟ್ಟುಕೊಳ್ಳಲು ಇವರಿಗೆ ಹೊಳೆಯಲಿಲ್ಲ. ಮನೆಯಲ್ಲಿ ಉಳಿದದ್ದು ಸಿಟಿಯ ಎರಡು ದೊಡ್ಡ ಫಿಲ್ಮ್ ಮಾತ್ರ, ಸುರುಳಿ ಸುತ್ತಿ ಟ್ರಂಕಿನ ಹಿಂದೆ ನಿಲ್ಲಿಸಿದ್ದರು.

ಬೆಂಗಳೂರಿನವರು ಸಿಡಿ ಕೇಳಿದ್ದಕ್ಕೆ ಕಾರಣವಿದೆ. ಎದೆ ಮತ್ತು ಹೊಟ್ಟೆಯ ಸಿಟಿಯಲ್ಲಿ ನೂರಾರು ಚಿತ್ರ ಇರುತ್ತವೆ. ಫಿಲ್ಮಿನ ಮೇಲೆ ಅಚ್ಚಾಗುವುದು ಅದರಲ್ಲಿ ಆಯ್ದ ಕೆಲವು, ಅದೂ ಅಂಚೆ ಚೀಟಿಯಷ್ಟು ಅಗಲದವು. ಶ್ವಾಸಕೋಶದಲ್ಲಿ ನಾಲ್ಕೈದು ಮಿಲಿಮೀಟರಿನ ಚುಕ್ಕೆ ಇದೆಯಾ, ಇದ್ದರೆ ಎಷ್ಟು ಅಳತೆ ಅಂತ ನೋಡಲು ಅದು ಸಾಲದು. ಸಿಡಿಯಲ್ಲಿ ಪೂರ್ತಿ ಚಿತ್ರ ಇರುತ್ತದೆ, ಡಾಕ್ಟರ್ ತಮ್ಮ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಅಳೆಯುತ್ತಾರೆ. ಆರು ತಿಂಗಳ ನಂತರದ ಸಿಟಿಯನ್ನು ಪಕ್ಕದಲ್ಲಿಟ್ಟು ನೋಡುವುದಕ್ಕೂ ಇದೇ ಬೇಕು.

ಎಕೋ ಬೇಕಾದದ್ದು ಬೇರೆ ಕಾರಣಕ್ಕೆ. ಸ್ತನ ಕ್ಯಾನ್ಸರಿಗೆ ಕೊಡುವ ಕೆಲವು ಕೀಮೋ ಔಷಧಿಗಳು ಹೃದಯವನ್ನು ದುರ್ಬಲ ಮಾಡಬಹುದು. ಶುರು ಮಾಡುವ ಮುಂಚೆ ಹೃದಯ ಎಷ್ಟು ಚೆನ್ನಾಗಿ ಪಂಪ್ ಮಾಡುತ್ತಿತ್ತು ಅಂತ ಬರಹದಲ್ಲಿ ಇರಬೇಕು. ಇದಕ್ಕೆ ಕಾಗದ ಸಾಕು, ಚಿತ್ರ ಬೇಡ.

ಇನ್ನು ಬ್ಲಾಕ್. ಈ ಪ್ರಕರಣದ ಗಂಟು ಇರುವುದೇ ಇಲ್ಲಿ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಅದರಿಂದ ಸಣ್ಣ ಸಣ್ಣ ತುಂಡು ಕತ್ತರಿಸಿ, ಒಂದೊಂದನ್ನೂ ಮೇಣದಲ್ಲಿ ಹುದುಗಿಸುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಬಿಳಿ ಮೇಣ, ನಡುವೆ ಕಂದು ಬಣ್ಣದ ತುಂಡು, ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ನಂಬರ್. ಅದೇ ಬ್ಲಾಕ್. ಅದರಿಂದ ಕೂದಲಿಗಿಂತ ಎಷ್ಟೋ ತೆಳುವಾದ ಪದರ ಹೆರೆದು ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕಿದರೆ ಸ್ಲೈಡ್. ಕೆಲವು ಪದರ ಹೆರೆದ ಮೇಲೂ ಬ್ಲಾಕಿನಲ್ಲಿ ಸಾಮಾನ್ಯವಾಗಿ ಇನ್ನೂ ಉಳಿದಿರುತ್ತದೆ, ಹೊಸ ಪರೀಕ್ಷೆ ಮಾಡಬಹುದು.

ಶರಣಮ್ಮನಿಗೆ ಹೊಸ ಪರೀಕ್ಷೆ ಬೇಕಿತ್ತು. ಒಂಬತ್ತು ಪುಟದಲ್ಲಿ ಹೊರಗಿನ ಲ್ಯಾಬಿನದು ಒಂದು ಪುಟ ಅಂದೆನಲ್ಲ, ಅದರಲ್ಲಿ ಹರ್-2 ಅನ್ನುವ ಪ್ರೋಟೀನಿನ ಮುಂದೆ '2+' ಅಂತ ಬರೆದಿತ್ತು. ಸೊನ್ನೆ ಅಥವಾ 1+ ಬಂದರೆ ನೆಗೆಟಿವ್ ಅಂತ ಹಿಡಿಯುತ್ತಾರೆ, 3+ ಬಂದರೆ ಪಾಸಿಟಿವ್. 2+ ಅಂದರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಫಿಶ್ ಅನ್ನುವ ಇನ್ನೊಂದು ಪರೀಕ್ಷೆ ಮಾಡಿ ತೀರ್ಮಾನ ಮಾಡಬೇಕು. ಪಾಸಿಟಿವ್ ಬಂದರೆ ಟ್ರಾಸ್ಟುಜುಮಾಬ್ ಅನ್ನುವ ಔಷಧಿ ಸೇರುತ್ತದೆ, ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. ಫಿಶ್ ಮಾಡಲು ಗಡ್ಡೆಯ ತುಂಡೇ ಬೇಕು. ರಿಪೋರ್ಟಿನ ಝೆರಾಕ್ಸ್ ಹತ್ತು ಪ್ರತಿ ಇದ್ದರೂ ಪ್ರಯೋಜನವಿಲ್ಲ.

ಅವತ್ತು ರಾತ್ರಿ ಕೂತು ಪತ್ರ ಬರೆದೆವು. ಮಗ ಹೇಳಿದ, ನಾನು ಬರೆದೆ, ಶರಣಮ್ಮ ಕೇಳುತ್ತಾ ಕೂತಿದ್ದರು. ಪತ್ರ ರೋಗಿಯದೇ ಆಗಿರಬೇಕು, ಸಹಿಯೂ ರೋಗಿಯದೇ. ಮೊದಲ ಪತ್ರದಲ್ಲಿ ಮಗ ಸಹಿ ಮಾಡಿದ್ದ, ಯಾರೋ ಒಳ್ಳೆಯವರು ತಕರಾರು ಮಾಡದೇ ತಗೊಂಡಿದ್ದರು. ಎಲ್ಲರೂ ತಗೊಳ್ಳುವುದಿಲ್ಲ, ತಗೊಳ್ಳಲೂಬಾರದು. ರೋಗಿಯ ಕಾಗದ ಕೇಳಿದವರಿಗೆಲ್ಲಾ ಕೊಟ್ಟರೆ ನಾಳೆ ಜಗಳವಾಡಿದ ಅಳಿಯನೂ ಬಂದು ಕೇಳುತ್ತಾನೆ.

ಪತ್ರ ಹೀಗಿತ್ತು:

ದಿನಾಂಕ: 22-03-2024

ಇವರಿಗೆ,
ವೈದ್ಯಕೀಯ ಅಧೀಕ್ಷಕರು, (ಆಸ್ಪತ್ರೆಯ ಹೆಸರು), ರಾಯಚೂರು
ಗಮನಕ್ಕೆ: ವೈದ್ಯಕೀಯ ದಾಖಲೆ ವಿಭಾಗ

ವಿಷಯ: ನನ್ನ ವೈದ್ಯಕೀಯ ದಾಖಲೆಗಳ ಪ್ರತಿ, ಸಿಟಿ ಸ್ಕ್ಯಾನ್ ಸಿಡಿ ಮತ್ತು ಪ್ಯಾಥಾಲಜಿ ಬ್ಲಾಕ್ ಕೋರಿ.

ಮಾನ್ಯರೇ,

ನನ್ನ ಹೆಸರು ಆಧಾರ್ ಪ್ರಕಾರ ಶರಣಬಸಮ್ಮ, ವಯಸ್ಸು 46, ಮಾನ್ವಿ ತಾಲೂಕು. ನಿಮ್ಮ ಆಸ್ಪತ್ರೆಯಲ್ಲಿ ನನ್ನ ಹೆಸರಿನಲ್ಲಿ ಎರಡು ನೋಂದಣಿ ನಂಬರ್ ಇವೆ. ಶರಣಮ್ಮ ಎಂಬ ಹೆಸರಿನಲ್ಲಿ ...4417 (18-01-2024ರಿಂದ) ಮತ್ತು ಶರಣಬಸಮ್ಮ ಎಂಬ ಹೆಸರಿನಲ್ಲಿ ...5032 (14-02-2024ರಿಂದ). ಎರಡೂ ನಾನೇ. ಎರಡರ ರಸೀದಿಗಳ ಪ್ರತಿ ಲಗತ್ತಿಸಿದ್ದೇನೆ. ಎಡ ಸ್ತನದ ಕ್ಯಾನ್ಸರಿಗೆ 16-02-2024ರಂದು ಆಪರೇಷನ್ ಆಗಿದೆ. ಬೆಂಗಳೂರಿನಲ್ಲಿ ಕೀಮೋ ಶುರು ಮಾಡಲು ಈ ಕೆಳಗಿನವು ತುರ್ತಾಗಿ ಬೇಕಾಗಿವೆ.

1. ರೇಡಿಯಾಲಜಿ, 06-02-2024, ನಂಬರ್ 4417: ಎದೆ ಮತ್ತು ಹೊಟ್ಟೆಯ ಸಿಟಿ. ರಿಪೋರ್ಟಿನ ಪ್ರತಿ ಮತ್ತು ಪೂರ್ತಿ ಚಿತ್ರಗಳಿರುವ ಸಿಡಿ. ಫಿಲ್ಮ್ ನನ್ನ ಹತ್ತಿರ ಇದೆ, ಬೇಡ.
2. ಕಾರ್ಡಿಯಾಲಜಿ, 08-02-2024, ನಂಬರ್ 4417: ಎಕೋ ರಿಪೋರ್ಟಿನ ಪ್ರತಿ.
3. ಪ್ಯಾಥಾಲಜಿ, ಸ್ಯಾಂಪಲ್ 23-01-2024, ರಿಪೋರ್ಟ್ 30-01-2024, ನಂಬರ್ 4417: ಬಯಾಪ್ಸಿ ರಿಪೋರ್ಟಿನ ಪ್ರತಿ.
4. ಸರ್ಜರಿ, ಒಳರೋಗಿ 14-02-2024ರಿಂದ 23-02-2024, ನಂಬರ್ 5032: ಆಪರೇಷನ್ ನೋಟ್ಸಿನ ಪ್ರತಿ.
5. ಪ್ಯಾಥಾಲಜಿ, ಸ್ಯಾಂಪಲ್ 16-02-2024, ರಿಪೋರ್ಟ್ 01-03-2024, ಪ್ಯಾಥಾಲಜಿ ನಂಬರ್ 268/24: ಹರ್-2 ಪರೀಕ್ಷೆಗೆ ಬಳಸಿದ ಬ್ಲಾಕ್ ಮತ್ತು ಅದರ ಸ್ಲೈಡ್. ಪರೀಕ್ಷೆ ಮುಗಿದ ಮೇಲೆ ಬ್ಲಾಕ್ ಹಿಂದಿರುಗಿಸುತ್ತೇನೆ.

1ರಿಂದ 3ರವರೆಗಿನ ಅಸಲು ರಿಪೋರ್ಟುಗಳನ್ನು 14-02-2024ರಂದು ಯೋಜನೆಯ ಮಂಜೂರಾತಿಗಾಗಿ ನಿಮ್ಮ ಕೌಂಟರಿಗೆ ಕೊಟ್ಟಿದ್ದೇನೆ. ಪ್ರತಿಗಳ ಶುಲ್ಕ ಕಟ್ಟಲು ಸಿದ್ಧಳಿದ್ದೇನೆ. ಯಾವುದಾದರೂ ದಾಖಲೆ ಸಿಗದಿದ್ದರೆ ಅದು ಎಲ್ಲಿದೆ ಎಂದು ದಯವಿಟ್ಟು ಬರಹದಲ್ಲಿ ತಿಳಿಸಿ. ನನ್ನ ಪರವಾಗಿ ಇವುಗಳನ್ನು ತೆಗೆದುಕೊಳ್ಳಲು ನನ್ನ ಮಗನಿಗೆ ಅಧಿಕಾರ ಕೊಟ್ಟಿದ್ದೇನೆ. ಅವನ ಸಹಿ ಕೆಳಗಿದೆ, ಇಬ್ಬರ ಆಧಾರ್ ಪ್ರತಿ ಜೊತೆಗಿದೆ.

ಪತ್ರ ಇಷ್ಟೇ. ಸಹಿ ಮಾಡಲು ಪೆನ್ನು ಕೊಟ್ಟಾಗ ಒಂದು ತಮಾಷೆ ಆಯಿತು. ಆಕೆ ಸಹಿ ಮಾಡಲು ಕಲಿತದ್ದು 'ಶರಣಮ್ಮ' ಅಂತ, ನಾಲ್ಕೇ ಅಕ್ಷರ, ಅದನ್ನೇ ನಿಧಾನಕ್ಕೆ ಕೊರೆದರು. ಆಧಾರ್‌ನಲ್ಲಿ ಆರು ಅಕ್ಷರ. 'ಉಳಿದ ಎರಡು ನನಗ ಬರಂಗಿಲ್ಲಪಾ' ಅಂದರು. ಸಹಿಯ ಪಕ್ಕ ಎಡಗೈ ಹೆಬ್ಬೆಟ್ಟು ಹಾಕಿಸಿ, 'ಇದು ಶರಣಬಸಮ್ಮ ಉರುಫ್ ಶರಣಮ್ಮ ಅವರ ಸಹಿ ಮತ್ತು ಗುರುತು' ಅಂತ ಬರೆದು ಸಾಕ್ಷಿಯಾಗಿ ನಾನು ಸಹಿ ಮಾಡಿದೆ. ಅದರಿಂದ ಎರಡು ನಂಬರಿನ ಮಾತಿಗೂ ಒಂದು ಆಧಾರ ಸಿಕ್ಕಿತು.

ಮಗ ಒಂದು ಪ್ರಶ್ನೆ ಕೇಳಿದ. 'ಎಲ್ಲಾ ಫೈಲ್ ಕೇಳಿದ್ರ ಆಗಂಗಿಲ್ಲೇನು?' ಆಗುತ್ತದೆ. ಹತ್ತು ದಿನದ ಕೇಸ್ ಶೀಟ್ ಅಂದರೆ ನರ್ಸುಗಳ ಬರಹ, ಜ್ವರ ಬಿ.ಪಿ. ಚಾರ್ಟ್, ಒಪ್ಪಿಗೆ ಪತ್ರ, ಅರಿವಳಿಕೆಯ ಹಾಳೆ ಎಲ್ಲಾ ಸೇರಿ ನೂರರ ಹತ್ತಿರ ಹೋಗುತ್ತದೆ. ವಿಮೆಯ ತಕರಾರಿಗೆ, ದೂರು ಕೊಡುವುದಕ್ಕೆ ಅದು ಪೂರ್ತಿ ಬೇಕೇ ಬೇಕು. ಕೀಮೋ ಡಾಕ್ಟರ್ ಅದರಲ್ಲಿ ನೋಡುವುದು ಒಂದೆರಡು ಹಾಳೆ. ಪೂರ್ತಿ ಕೇಳಿದರೆ ಪೂರ್ತಿ ತಡ. ನಮಗೆ ದಿನ ಇರಲಿಲ್ಲ.

ಪತ್ರದ ಎರಡು ಪ್ರತಿ ಮಾಡಿದೆವು. 22ರ ಬೆಳಿಗ್ಗೆ ಮಗ ಒಂದನ್ನು ಅಧೀಕ್ಷಕರ ಕಚೇರಿಯ ಇನ್‌ವರ್ಡಿನಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡ. ಸೀದಾ ಎಂ.ಆರ್.ಡಿ.ಗೆ ಕೊಟ್ಟಿದ್ದರೆ ಬೇಗ ಆಗುತ್ತಿರಲಿಲ್ವಾ ಅಂತ ಕೇಳಬಹುದು. ಕೆಲವು ಕಡೆ ಆಗುತ್ತದೆ. ಆದರೆ ಸಿಟಿ ಮತ್ತು ಬ್ಲಾಕ್ ಎಂ.ಆರ್.ಡಿ.ಯ ಕೈಯಲ್ಲಿ ಇರುವುದಿಲ್ಲ. ರೇಡಿಯಾಲಜಿಗೂ ಪ್ಯಾಥಾಲಜಿಗೂ 'ಕೊಡಿ' ಅಂತ ಹೇಳಬಲ್ಲವರು ಅಧೀಕ್ಷಕರು. ಮೊದಲ ಪತ್ರಕ್ಕೆ ಸೀಲು ಇರಲಿಲ್ಲ, ಅದನ್ನು ಕೊಟ್ಟದ್ದಕ್ಕೇ ಗುರುತಿರಲಿಲ್ಲ.

ಸೀಲಿನ ತಾರೀಕಿಗೆ ಬೆಲೆ ಬರುವುದು ಒಂದು ನಿಯಮದಿಂದ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳಲ್ಲಿ ಎರಡು ಮಾತಿದೆ. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕು. ರೋಗಿ ಅಥವಾ ರೋಗಿ ಅಧಿಕಾರ ಕೊಟ್ಟವರು ಕೇಳಿದರೆ ಸ್ವೀಕೃತಿ ಕೊಟ್ಟು 72 ಗಂಟೆಯೊಳಗೆ ದಾಖಲೆ ಕೊಡಬೇಕು. ಪತ್ರದಲ್ಲಿ ಈ ನಿಯಮವನ್ನು ನಾನು ಬರೆಯಲಿಲ್ಲ. ಶುರುವಿನಲ್ಲೇ ನಿಯಮ ತೋರಿಸಿದರೆ ಕಾಗದ ಸೀದಾ ವಕೀಲರ ಕಡೆ ಹೋಗುತ್ತದೆ, ಅಲ್ಲಿ ಕೂತುಬಿಡುತ್ತದೆ. ಇದು ನಾನು ಕೌಂಟರಿನ ಆಚೆ ಬದಿ ಕೂತು ಕಂಡದ್ದು. ಮೂರು ದಿನ ದಾಟಿದ ಮೇಲೆ ಇನ್ನೊಂದು ಪತ್ರದಲ್ಲಿ ಬರೆದರೆ ಕೆಲಸ ಮಾಡುತ್ತದೆ. ಇನ್ನೊಂದು ಮಿತಿಯೂ ಇದೆ. ಈ ನಿಯಮ ಹೇಳುವುದು ದಾಖಲೆಗಳ ಮಾತು. ಬ್ಲಾಕ್ ಅನ್ನುವುದು ಪ್ರತಿ ಮಾಡಲು ಬರದ ಅಸಲು ವಸ್ತು. ಅದನ್ನು ಪ್ಯಾಥಾಲಜಿಯವರು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ವಾಪಸ್ ಕೊಡುತ್ತೇವೆ ಅಂತ ಬರೆಸಿಕೊಂಡು ಕೊಡುತ್ತಾರೆ. 'ಹಿಂದಿರುಗಿಸುತ್ತೇನೆ' ಅಂತ ನಾವೇ ಮೊದಲು ಬರೆದದ್ದು ಅದಕ್ಕೇ.

ಮಂಗಳವಾರ, 26ಕ್ಕೆ, ಫೋನ್ ಬಂತು. ನಡುವೆ ಭಾನುವಾರ, ಹೋಳಿ ಹುಣ್ಣಿಮೆ ಬಂದಿದ್ದವು. 1ರಿಂದ 3ರವರೆಗಿನ ಕಾಗದ ಸಿಕ್ಕವು. 4ನೆಯದು, ಆಪರೇಷನ್ ನೋಟ್ಸ್, ಮೊದಲು 'ಫೈಲ್ ಇಲ್ಲ' ಅಂದರು. ರ‍್ಯಾಕಿನಲ್ಲಿ ಫೈಲಿನ ಜಾಗದಲ್ಲಿ ಒಂದು ರಟ್ಟಿನ ಚೀಟಿ ಇತ್ತಾ ಅಂತ ಕೇಳು ಅಂದೆ. ಫೈಲ್ ಹೊರಗೆ ಹೋದಾಗ ಎಲ್ಲಿಗೆ, ಯಾವತ್ತು ಅಂತ ಬರೆದು ಅದನ್ನು ಇಡುತ್ತಾರೆ. ಇತ್ತು. ಫೈಲ್ ಯೋಜನೆಯ ಕ್ಲೇಮ್ ವಿಭಾಗದಲ್ಲಿ ಕೂತಿತ್ತು, ಎರಡೇ ಬಾಗಿಲು ಆಚೆ. ಅರ್ಧ ಗಂಟೆಯಲ್ಲಿ ಝೆರಾಕ್ಸ್ ಆಯಿತು.

ಸಿಡಿಯನ್ನು ಆಸ್ಪತ್ರೆಯ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಹಾಕಿ ನೋಡಿಸು ಅಂತ ಹೇಳಿದ್ದೆ. ನಮ್ಮಂಥವರು ಸಿಡಿಯಲ್ಲಿ ರೋಗ ನೋಡಲು ಆಗುವುದಿಲ್ಲ. ಮೂರು ವಿಷಯ ನೋಡಬಹುದು. ರೋಗಿಯ ಹೆಸರು, ತಾರೀಕು ಸರಿ ಇದೆಯಾ. `DICOMDIR` ಅನ್ನುವ ಫೈಲ್, ಅಂದರೆ ಸ್ಕ್ಯಾನಿನ ಚಿತ್ರಗಳ ಪಟ್ಟಿ, ಇದೆಯಾ. ಎಷ್ಟು ಚಿತ್ರ ಇವೆ. ಬರೀ ಹತ್ತಿಪ್ಪತ್ತು `.jpg` ಇದ್ದರೆ ಅದು ಫಿಲ್ಮಿನ ಫೋಟೋ ಇದ್ದ ಹಾಗೆ, ಅದರಿಂದ ಕೆಲಸ ಆಗುವುದಿಲ್ಲ. ಶರಣಮ್ಮನ ಸಿಡಿಯಲ್ಲಿ ಹೆಸರು ಸರಿ, ಫೈಲ್ ಸರಿ, ಚಿತ್ರಗಳೂ ನೂರಾರು. ಆದರೆ ಎಲ್ಲದರ ಮೇಲೂ `ABDOMEN` ಅಂತ ಮಾತ್ರ ಬಂತು. ಎದೆಯದು ಇಲ್ಲ. ಮಶೀನಿನಲ್ಲಿ ಎದೆ, ಹೊಟ್ಟೆ ಎರಡನ್ನೂ ಬೇರೆ ಬೇರೆ ಸ್ಕ್ಯಾನ್ ಅಂತ ದಾಖಲಿಸಿದ್ದರು, ಟೆಕ್ನಿಷಿಯನ್ ಒಂದನ್ನೇ ಬರೆದು ಕೊಟ್ಟಿದ್ದ. ಮಗ ರಸ್ತೆ ದಾಟಿ ವಾಪಸ್ ಹೋದ, ಇನ್ನೊಂದು ಸಿಡಿ ತಂದ. ಅಂಗಡಿಯವನಿಗೆ ಕೊಟ್ಟದ್ದು 20 ರೂಪಾಯಿ. ನೋಡದೇ ಹೋಗಿದ್ದರೆ ಇದು ಗೊತ್ತಾಗುತ್ತಿದ್ದದ್ದು ಬೆಂಗಳೂರಿನಲ್ಲಿ.

ಬ್ಲಾಕ್ ಅವತ್ತು ಸಿಗಲಿಲ್ಲ. ಹರ್-2 ಪರೀಕ್ಷೆಗೆ ಅಂತ ಹೊರಗಿನ ಲ್ಯಾಬಿಗೆ ಕಳಿಸಿದ್ದ ಬ್ಲಾಕ್ ಇನ್ನೂ ವಾಪಸ್ ಬಂದಿರಲಿಲ್ಲ. ಪ್ಯಾಥಾಲಜಿಯವರು ನಮ್ಮ ಪತ್ರದ ಮೇಲೇ 'ಬ್ಲಾಕ್ ಎ4 ಲ್ಯಾಬಿನಲ್ಲಿದೆ, ತರಿಸಲಾಗುತ್ತಿದೆ' ಅಂತ ಬರೆದು ಸಹಿ ಮಾಡಿ ಕೊಟ್ಟರು. ಅದೇ ಗಡ್ಡೆಯ ಬೇರೆ ಬ್ಲಾಕ್ ಕೊಡುತ್ತೇವೆ ಅಂತಲೂ ಹೇಳಿದರು. ಮಗ ನನಗೆ ಫೋನ್ ಮಾಡಿದ. ನಾನು ಬೆಂಗಳೂರಿನವರನ್ನು ಕೇಳು ಅಂದೆ, ಇದು ನನ್ನ ಲೆಕ್ಕದ ವಿಷಯ ಅಲ್ಲ. 2+ ಬಂದದ್ದು ಎ4ರಲ್ಲಿ, ಎರಡು ದಿನದಲ್ಲಿ ಬರುವುದಾದರೆ ಅದನ್ನೇ ತನ್ನಿ ಅಂದರು. ಗುರುವಾರ, 28ಕ್ಕೆ, ಕೊರಿಯರ್ ಬಂತು. ಒಂದು ಬ್ಲಾಕ್, ಒಂದು ಸ್ಲೈಡ್, ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಅಂಚಿನ ಮೇಲಿನ ನಂಬರನ್ನೂ ರಿಪೋರ್ಟಿನ ನಂಬರನ್ನೂ ಪಕ್ಕ ಪಕ್ಕ ಇಟ್ಟು ನೋಡಿ ಆಮೇಲೆ ರಿಜಿಸ್ಟರಿನಲ್ಲಿ ಸಹಿ ಮಾಡಿದ.

ರಾಯಚೂರಿನ ಬಿಸಿಲು ನಿಮಗೆ ಗೊತ್ತು. ಬ್ಲಾಕಿನ ಮೇಣ 56ರಿಂದ 60 ಡಿಗ್ರಿಗೆ ಕರಗುತ್ತದೆ. ನೆರಳಿನಲ್ಲಿ ಅಷ್ಟು ಬಿಸಿ ಆಗುವುದಿಲ್ಲ, ಆದರೆ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅಥವಾ ಬೈಕಿನ ಡಿಕ್ಕಿ ಆ ಹತ್ತಿರಕ್ಕೆ ಹೋಗಬಹುದು. ಮಗ ಬೈಕಿನಲ್ಲಿ ಬಂದಿದ್ದ. ಡಬ್ಬಿಯನ್ನು ಒದ್ದೆ ಮಾಡದ ಹಾಗೆ ಟವೆಲಿನಲ್ಲಿ ಸುತ್ತಿ ಅಂಗಿಯ ಒಳಗೆ ಇಟ್ಟುಕೊಂಡು ಊರಿಗೆ ಹೋದ. ಮನೆಯಲ್ಲಿ ನೀರಿನ ಮಡಕೆಯ ಪಕ್ಕ, ನೆಲದ ಮೇಲೆ ಇಟ್ಟರಂತೆ.

ಏಪ್ರಿಲ್ 1ಕ್ಕೆ ಮತ್ತೆ ಬೆಂಗಳೂರು. ಈ ಸಲ ಒಳಗೆ ಕರೆದು ಕೂರಿಸಿದರು. ಫಿಶ್ ಪರೀಕ್ಷೆಗೆ ಬ್ಲಾಕ್ ಕಳಿಸಿ, ಅದರ ಫಲಿತಾಂಶಕ್ಕೆ ಕಾಯದೇ ಏಪ್ರಿಲ್ 5ಕ್ಕೆ ಮೊದಲ ಕೀಮೋ ಕೊಟ್ಟರು. ಆಪರೇಷನ್ ಆಗಿ ಸರಿಯಾಗಿ ಏಳು ವಾರ.

ಉಳಿದದ್ದು ಎರಡು ನಂಬರಿನ ಕಥೆ. ಅದನ್ನು ಹಾಗೇ ಬಿಟ್ಟರೆ ಮುಂದಿನ ಸಲ ಮತ್ತೆ ಅರ್ಧವೇ ಸಿಗುತ್ತದೆ. ಮೇ ತಿಂಗಳಲ್ಲಿ ಬ್ಲಾಕ್ ವಾಪಸ್ ಕೊಡಲು ಹೋದಾಗ ಮಗ ಇನ್ನೊಂದು ಸಣ್ಣ ಪತ್ರ ಕೊಟ್ಟ, ಎರಡೂ ನೋಂದಣಿಯನ್ನು ಒಂದು ಮಾಡಿ ಅಂತ. ಪ್ಯಾಥಾಲಜಿಯವರು ಬ್ಲಾಕ್ ತಗೊಂಡು ರಿಜಿಸ್ಟರಿನಲ್ಲಿ 'ವಾಪಸ್' ಅಂತ ಬರೆದರು. ಎಂ.ಆರ್.ಡಿ.ಯಲ್ಲಿ ಕಂಪ್ಯೂಟರಿನಲ್ಲಿ ಜೋಡಿಸಲು ಮೇಲಿನವರ ಅನುಮತಿ ಬೇಕು ಅಂದರು. ಅಲ್ಲಿಯವರೆಗೆ ಇರಲಿ ಅಂತ ಕ್ಲರ್ಕ್ ಕೇಸ್ ಫೈಲ್ ತೆಗೆದು, ರಟ್ಟಿನ ಮೇಲೆ 5032ರ ಕೆಳಗೆ ಕೆಂಪು ಪೆನ್ನಿನಲ್ಲಿ '4417 ಸಹ ನೋಡಿ' ಅಂತ ಬರೆದು, ಅಡಿಗೆರೆ ಎಳೆದು ರ‍್ಯಾಕಿಗೆ ವಾಪಸ್ ಇಟ್ಟ.